ಸ್ಟಿಕ್ಕರ್ ಇಟ್ಟ ಮಾತ್ರಕ್ಕೆ ಮಗುವಿನ ಮುಖ ಮುಚ್ಚಿದಂತಲ್ಲ: ಮನೆಯಲ್ಲಿ ವಿಡಿಯೋ ಮಾಡುವವರಿಗೆ ಒಂದು ಬಹಿರಂಗ ಪತ್ರ

ಮನೆಯಲ್ಲೇ ವಿಡಿಯೋ ಮಾಡಿ ಹಾಕುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ಮತ್ತು ಎಡಿಟಿಂಗ್ ಆಪ್ ತಯಾರಿಸುವವರೇ,

ಬೇರೆಯವರು ಮನೆಯೊಳಗೆ ತೆಗೆದ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿ ಕೊಡುವುದು ನನ್ನ ಕೆಲಸ. ಮಕ್ಕಳ ಮುಖ ತೋರಿಸಬಾರದು ಅಂತ ಈಗ ತುಂಬಾ ಜನ ಕಾಳಜಿ ವಹಿಸುತ್ತಿದ್ದೀರಿ. ಮುಖದ ಮೇಲೆ ಹೂವನ್ನೋ ಇಮೋಜಿಯನ್ನೋ ಇಡುತ್ತೀರಿ, ಇಲ್ಲ ಅಂದ್ರೆ ಮಸುಕು ಮಾಡುತ್ತೀರಿ. ಇದನ್ನು ನೋಡಿದಾಗ ನಿಜಕ್ಕೂ ಖುಷಿಯಾಗುತ್ತದೆ. ಆದರೆ ಆ ಸ್ಟಿಕ್ಕರ್ ಎಲ್ಲಿ ಜಾರುತ್ತದೆ, ಯಾವ ಜಾಗದಲ್ಲಿ ಮುಖ ಹೊರಗೆ ಬೀಳುತ್ತದೆ ಅನ್ನೋದನ್ನು ಯಾರೂ ಹೇಳಿಕೊಡುತ್ತಿಲ್ಲ. ಎಡಿಟ್ ಮಾಡಿ ಹಾಕಿದ ಮೇಲೆ ಎಲ್ಲಾ ಮುಚ್ಚಿದೆ ಅನ್ನುವ ಧೈರ್ಯ ಬಂದುಬಿಡುತ್ತದೆ, ಆ ಧೈರ್ಯದಲ್ಲೇ ಜನ ಮಗುವನ್ನು ಇನ್ನಷ್ಟು ಹೊತ್ತು ಕ್ಯಾಮೆರಾ ಮುಂದೆ ಬಿಡುತ್ತಾರೆ. ನನಗೆ ಆತಂಕ ಇರುವುದು ಅಲ್ಲೇ.

ಒಂದು ವಿಡಿಯೋವನ್ನೇ ಹಿಡಿದು ಹೇಳುತ್ತೇನೆ. ಪುಸ್ತಕದ ಕಪಾಟನ್ನು ಮತ್ತೆ ಜೋಡಿಸುವ ಎಂಟು ನಿಮಿಷದ ವಿಡಿಯೋ ಅದು. ತಾಯಿ ಮಾತಾಡುತ್ತಾ ಪುಸ್ತಕ ಜೋಡಿಸುತ್ತಾರೆ, ಮಗು ಆಗಾಗ ಓಡಿ ಬಂದು ಒಂದೊಂದು ಪುಸ್ತಕ ಕೊಟ್ಟು ಹೋಗುತ್ತದೆ. ಮುಖದ ಮೇಲೆ ದೊಡ್ಡ ಹಳದಿ ಹೂವು ಇಟ್ಟಿದ್ದರು. ಹಾಕುವ ಮೊದಲು ಒಮ್ಮೆ ನೋಡಿ ಅಂತ ನನಗೆ ಕಳಿಸಿದರು. ಮಾಮೂಲಿ ವೇಗದಲ್ಲಿ ನೋಡಿದರೆ ಅದರಲ್ಲಿ ಒಂದು ತಪ್ಪೂ ಕಾಣುವುದಿಲ್ಲ.

ಆದರೆ ವಿಡಿಯೋ ಅಂದರೆ ಸಾಲಾಗಿ ಬರುವ ಫೋಟೋಗಳು. ಸೆಕೆಂಡಿಗೆ 30 ಫ್ರೇಮ್ ಅಂದರೆ ಎಂಟು ನಿಮಿಷಕ್ಕೆ 14,400 ಫೋಟೋ. ಅಷ್ಟರಲ್ಲಿ ಒಂದೇ ಒಂದು ಫ್ರೇಮಿನಲ್ಲಿ ಮುಖ ಸ್ಪಷ್ಟವಾಗಿ ಸಿಕ್ಕರೂ ಸಾಕು, ಬೇಕಾದವರು ಅದನ್ನು ಸ್ಕ್ರೀನ್‌ಶಾಟ್ ಮಾಡಿ ಇಟ್ಟುಕೊಳ್ಳಬಹುದು. ನಮ್ಮ ಕಣ್ಣಿಗೆ ಒಂದು ಮಿಣುಕಿನಂತೆಯೂ ಕಾಣದೆ ಹೋಗುವ ಫ್ರೇಮ್ ಅದು. ಹಾಗಾಗಿ ಆ ವಿಡಿಯೋವನ್ನು ನಾನು ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿದೆ.

ಮೊದಲ ಸೋರಿಕೆ ಸಿಕ್ಕಿದ್ದು ಮಗು ಒಳಗೆ ಬರುವ ಜಾಗದಲ್ಲಿ. ಆಪ್‌ನ ಟ್ರ್ಯಾಕಿಂಗ್ ತಾನಾಗಿಯೇ ಮುಖವನ್ನು ಹಿಂಬಾಲಿಸುತ್ತದೆ, ನಿಜ. ಆದರೆ ಹಿಂಬಾಲಿಸುವ ಮೊದಲು ಅದು ಮುಖವನ್ನು ಗುರುತಿಸಬೇಕು. ಮಗು ಪರದೆಯ ಅಂಚಿನಿಂದ ಬರುವಾಗ ಅರ್ಧ ಮುಖ ಮಾತ್ರ ಇರುತ್ತದೆ, ಅದು ಮುಖ ಅಂತ ಆಪ್‌ಗೆ ಗೊತ್ತಾಗುವ ಹೊತ್ತಿಗೆ ನಾಲ್ಕೈದು ಫ್ರೇಮ್ ದಾಟಿರುತ್ತದೆ. ಮಗು ಪಕ್ಕಕ್ಕೆ ತಿರುಗಿದಾಗ, ಕೈಯಲ್ಲಿದ್ದ ಪುಸ್ತಕ ಮುಖಕ್ಕೆ ಅಡ್ಡ ಬಂದಾಗ, ಅಮ್ಮನ ಹಿಂದೆ ಹಾದು ಈಚೆ ಬಂದಾಗಲೂ ಇದೇ ಕಥೆ. ಟ್ರ್ಯಾಕಿಂಗ್ ಕೈಬಿಡುತ್ತದೆ, ಮತ್ತೆ ಹಿಡಿಯುವಷ್ಟರಲ್ಲಿ ಮುಖ ಬಯಲಾಗಿರುತ್ತದೆ. ಕೈಯಿಂದಲೇ ಸ್ಟಿಕ್ಕರ್ ಸರಿಸುವವರಿಗೆ ಬೇರೆ ತೊಂದರೆ. ಸ್ಟಿಕ್ಕರ್ ಎಲ್ಲಿರಬೇಕು ಅಂತ ಗುರುತಿಡುವ ಕೀಫ್ರೇಮ್ ಇಲ್ಲೊಂದು, ಅಲ್ಲೊಂದು ಹಾಕಿದರೆ ನಡುವಿನ ದಾರಿಯನ್ನು ಆಪ್ ಸಾಮಾನ್ಯವಾಗಿ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ತುಂಬಿಸುತ್ತದೆ. ಮಗು ಹಾಗೆ ನಡೆಯುತ್ತದಾ? ನಿಲ್ಲುತ್ತದೆ, ಬಗ್ಗುತ್ತದೆ, ತಟ್ಟನೆ ಓಡುತ್ತದೆ. ಹೂವು ಮುಂದೆ ಹೋಗಿ ಮುಖ ಹಿಂದೆ ಉಳಿಯುತ್ತದೆ.

ಎರಡನೇ ಸೋರಿಕೆ ಇನ್ನೂ ಮೋಸದ್ದು, ಇದು ಎಷ್ಟೋ ವರ್ಷ ಎಡಿಟ್ ಮಾಡಿದವರ ಕಣ್ಣಿಗೂ ತಪ್ಪುತ್ತದೆ. ಎರಡು ಶಾಟ್‌ಗಳ ನಡುವೆ ಒಂದು ಇನ್ನೊಂದರೊಳಗೆ ಕರಗುವ ಹಾಗೆ ಡಿಸಾಲ್ವ್ ಹಾಕುತ್ತೀರಲ್ಲ, ಅದು ನಡೆಯಬೇಕಾದರೆ ನೀವು ಕತ್ತರಿಸಿ ಬಚ್ಚಿಟ್ಟ ಭಾಗದಿಂದಲೂ ಒಂದಷ್ಟು ಫ್ರೇಮ್ ಬೇಕು. ಕತ್ತರಿಸಿದ ಗೆರೆಯ ಆಚೆಗೂ ಶಾಟ್ ಅರ್ಧ ಸೆಕೆಂಡು ಓಡುತ್ತದೆ. ಆದರೆ ಸ್ಟಿಕ್ಕರ್ ಇರುವುದು ಮೇಲಿನ ಬೇರೆ ಟ್ರ್ಯಾಕಿನಲ್ಲಿ, ಅದು ಕತ್ತರಿಸಿದ ಗೆರೆಗೇ ನಿಂತುಬಿಡುತ್ತದೆ. ಅಂದರೆ ಆ ಅರ್ಧ ಸೆಕೆಂಡು, ಸುಮಾರು 15 ಫ್ರೇಮ್, ಮಗುವಿನ ಮುಖ ಬರಿದಾಗಿ ನಿಧಾನಕ್ಕೆ ಮಾಸುತ್ತಾ ಹೋಗುತ್ತದೆ. ಕಪಾಟಿನ ವಿಡಿಯೋದಲ್ಲಿ ಇಂಥ ಜಾಗ ಒಂದಕ್ಕಿಂತ ಜಾಸ್ತಿ ಇತ್ತು. ಮುಖ ಇರುವ ಶಾಟ್‌ಗಳ ನಡುವೆ ಡಿಸಾಲ್ವ್ ಬೇಡವೇ ಬೇಡ, ನೇರ ಕಟ್ ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಸ್ಟಿಕ್ಕರ್‌ಗೂ ಮೆಲ್ಲಗೆ ಮೂಡುವ, ಮೆಲ್ಲಗೆ ಮರೆಯಾಗುವ ಆನಿಮೇಷನ್ ಕೊಡಬೇಡಿ. ಅದು ಮೂಡುವ ಹೊತ್ತಿನಲ್ಲಿ ಅದರ ಹಿಂದಿನ ಮುಖ ಕಾಣುತ್ತಿರುತ್ತದೆ.

ಮೂರನೆಯದು ಕಪಾಟಿನ ಗಾಜಿನ ಬಾಗಿಲು. ಮಗುವಿನ ಮುಖದ ಮೇಲೆ ಹೂವು ಸರಿಯಾಗಿ ಕೂತಿದೆ, ಆದರೆ ಗಾಜಿನಲ್ಲಿ ಅದೇ ಮುಖ ಹೊಳೆಯುತ್ತಿದೆ. ಟ್ರ್ಯಾಕಿಂಗ್ ಒಂದು ಮುಖದ ಹಿಂದೆ ಹೋಗಿದೆ, ಇನ್ನೊಂದನ್ನು ಅದಕ್ಕೆ ಯಾರೂ ತೋರಿಸಿಲ್ಲ. ಆಫ್ ಮಾಡಿದ ಟಿವಿ, ಕಿಟಕಿಯ ಗಾಜು, ಹೊಳೆಯುವ ಸ್ಟೀಲ್, ಕನ್ನಡಕ, ಎಲ್ಲವೂ ಕನ್ನಡಿಯೇ. ಕತ್ತಲಾದ ಮೇಲೆ ಲೈಟ್ ಹಾಕಿ ತೆಗೆದರಂತೂ ಕಿಟಕಿ ಪೂರ್ತಿ ಕನ್ನಡಿಯಾಗಿಬಿಡುತ್ತದೆ, ಕ್ಯಾಮೆರಾದ ಹಿಂದೆ ನಿಂತವರೂ ಅದರಲ್ಲಿ ಕಾಣುತ್ತಾರೆ.

ಇನ್ನು ಮಸುಕು ಮಾಡುವ ವಿಷಯ. ದಯವಿಟ್ಟು ಮುಖವನ್ನು ಬ್ಲರ್ ಅಥವಾ ಚೌಕ ಚೌಕದ ಮೊಸಾಯಿಕ್ ಮಾಡುವುದಕ್ಕಿಂತ ಗಟ್ಟಿ ಬಣ್ಣದ ಆಕಾರ ಇಡಿ. ಮೊಸಾಯಿಕ್ ಮಾಡುವುದು ಇಷ್ಟೇ, ಒಂದೊಂದು ಚೌಕದೊಳಗಿನ ಬಣ್ಣಗಳ ಸರಾಸರಿ ತೆಗೆದು ಆ ಚೌಕಕ್ಕೆ ಬಳಿಯುತ್ತದೆ. ಮಾಹಿತಿ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಒಂದು ಫೋಟೋದಲ್ಲಾದರೆ ಒಂದೇ ಸಲ ಸರಾಸರಿ ಸಿಗುತ್ತದೆ. ವಿಡಿಯೋದಲ್ಲಿ ಮುಖ ಅಲುಗಾಡುತ್ತಾ ಇರುವುದರಿಂದ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಸರಾಸರಿ ಸಿಗುತ್ತದೆ, ಅವನ್ನೆಲ್ಲ ಕೂಡಿಸಿದರೆ ಮೊದಲಿಗಿಂತ ಜಾಸ್ತಿ ವಿವರ ಹೊರಬರುತ್ತದೆ. ಮುಖವನ್ನು ಸುಳಿಯಂತೆ ತಿರುಚುವ ಫಿಲ್ಟರ್ ಇನ್ನೂ ಕೆಟ್ಟದ್ದು, ಯಾಕಂದ್ರೆ ಅಲ್ಲಿ ಬಣ್ಣಗಳು ಜಾಗ ಬದಲಿಸುತ್ತವೆ ಅಷ್ಟೇ. ಒಬ್ಬ ಅಪರಾಧಿ ತನ್ನ ಮುಖವನ್ನು ಹೀಗೆ ತಿರುಚಿ ಚಿತ್ರ ಹಾಕಿದ್ದ. ಜರ್ಮನಿಯ ಪೊಲೀಸ್ ತಜ್ಞರು ಅದನ್ನು ಹಿಂದಕ್ಕೆ ತಿರುಗಿಸಿ ಮುಖ ಬಿಡಿಸಿದರು, 2007ರಲ್ಲಿ ಇಂಟರ್‌ಪೋಲ್ ಆ ಚಿತ್ರವನ್ನು ಜಗತ್ತಿಗೆಲ್ಲ ಹಂಚಿತು, ಆತ ಸಿಕ್ಕಿಬಿದ್ದ. ಅಲ್ಲಿ ಅದರಿಂದ ಒಳ್ಳೆಯದೇ ಆಯಿತು. ಆದರೆ ಪೊಲೀಸರಿಗೆ ಆಗುವ ಕೆಲಸ ಬೇರೆಯವರಿಗೂ ಆಗುತ್ತದೆ. ಗಟ್ಟಿ ಬಣ್ಣದ ಕೆಳಗೆ ಮಾತ್ರ ಬಿಡಿಸಿ ನೋಡಲು ಏನೂ ಉಳಿದಿರುವುದಿಲ್ಲ. ಸ್ಟಿಕ್ಕರ್ ಪಾರದರ್ಶಕ ಆಗಿರಬಾರದು, ಮುಖಕ್ಕಿಂತ ಚೆನ್ನಾಗಿ ದೊಡ್ಡದಿರಬೇಕು, ಕಿವಿ ಮತ್ತು ಕೂದಲಿನ ಗೆರೆಯೂ ಒಳಗೆ ಬರುವಷ್ಟು.

ಒಂದು ಮಿತಿಯನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಮುಖ ಮುಚ್ಚಿದರೆ ಅಪರಿಚಿತರಿಂದ ಮತ್ತು ಮುಖ ಹುಡುಕುವ ಸಾಫ್ಟ್‌ವೇರ್‌ಗಳಿಂದ ಒಂದು ಮಟ್ಟಿಗೆ ರಕ್ಷಣೆ ಸಿಗುತ್ತದೆ. ಮಗುವನ್ನು ಬಲ್ಲವರಿಂದ ಸಿಗುವುದಿಲ್ಲ. ನಡಿಗೆ, ದನಿ, ಅಂಗಿ, ಮನೆಯ ಗೋಡೆ, ಇಷ್ಟರಲ್ಲೇ ಅವರಿಗೆ ಗೊತ್ತಾಗುತ್ತದೆ. ತರಗತಿಯ ಗೆಳೆಯರು, ನೆರೆಯವರು, ದೂರವಾದ ನೆಂಟರು, ಇವರಲ್ಲಿ ಯಾರಿಗಾದರೂ ತಿಳಿಯಬಾರದ ವಿಷಯ ವಿಡಿಯೋದಲ್ಲಿದ್ದರೆ, ಅಂದರೆ ಮಗು ಅಳುವುದು, ಬೈಸಿಕೊಳ್ಳುವುದು, ಹುಷಾರಿಲ್ಲದೆ ಮಲಗಿರುವುದು, ಅದಕ್ಕೆ ಯಾವ ಸ್ಟಿಕ್ಕರೂ ಸಾಲದು. ಅದನ್ನು ಹಾಕಲೇಬಾರದು.

ಈಗ ಹಿನ್ನೆಲೆಗೆ ಬರುತ್ತೇನೆ. ಮುಖದ ಮೇಲೆ ಇಷ್ಟೆಲ್ಲ ಶ್ರಮ ಹಾಕಿದ ತಾಯಿಯ ವಿಡಿಯೋದಲ್ಲಿ ಕಿಟಕಿ ತೆರೆದೇ ಇತ್ತು. ಎದುರಿನ ಕಟ್ಟಡದ ಮೇಲ್ಭಾಗ, ಒಂದು ಟವರ್, ರಸ್ತೆಯ ತಿರುವು, ಮೂರೂ ಒಂದೇ ಶಾಟಿನಲ್ಲಿ. ಯಾವ ಊರು ಅಂತ ಮೊದಲೇ ಅಂದಾಜಿದ್ದವರಿಗೆ ಇಷ್ಟು ಸಾಕು. ಉಪಗ್ರಹ ನಕ್ಷೆಯನ್ನೂ ರಸ್ತೆಯ ಫೋಟೋಗಳನ್ನೂ ಇಟ್ಟುಕೊಂಡು ಆ ಮೂರು ಒಟ್ಟಿಗೆ ಕಾಣುವ ಜಾಗ ಎಲ್ಲಿದೆ ಅಂತ ಹುಡುಕಬಹುದು. ಕಟ್ಟಡ ಎಷ್ಟು ಕೆಳಗೆ ಕಾಣುತ್ತದೆ ಅನ್ನೋದರಿಂದ ನಿಮ್ಮದು ಎಷ್ಟನೇ ಮಹಡಿ ಅಂತಲೂ ಅಂದಾಜು ಮಾಡಬಹುದು.

ಇದು ನನ್ನ ಕಲ್ಪನೆ ಅಲ್ಲ. 2019ರಲ್ಲಿ ಜಪಾನಿನಲ್ಲಿ ಒಬ್ಬ ಯುವ ಗಾಯಕಿಯ ಮೇಲೆ ಅವಳ ಮನೆಯ ಬಳಿಯೇ ಹಲ್ಲೆ ನಡೆಯಿತು. ಅವಳು ಹಾಕಿದ್ದ ಸೆಲ್ಫಿಯಲ್ಲಿ ಕಣ್ಣಿನೊಳಗೆ ರೈಲು ನಿಲ್ದಾಣದ ಪ್ರತಿಬಿಂಬ ಇತ್ತು. ಹಲ್ಲೆ ಮಾಡಿದವನು ಅದನ್ನು ದೊಡ್ಡದು ಮಾಡಿ, ರಸ್ತೆ ಫೋಟೋಗಳ ಜೊತೆ ಹೋಲಿಸಿ ನಿಲ್ದಾಣ ಯಾವುದು ಅಂತ ಕಂಡುಹಿಡಿದು ಅಲ್ಲಿ ಕಾದಿದ್ದ. ಅಷ್ಟೇ ಅಲ್ಲ, ಅವಳು ಮನೆಯೊಳಗೆ ತೆಗೆದ ವಿಡಿಯೋಗಳಲ್ಲಿ ಕಿಟಕಿಯ ಪರದೆ ಎಲ್ಲಿದೆ, ಕಿಟಕಿಯಿಂದ ಬೆಳಕು ಯಾವ ದಿಕ್ಕಿನಿಂದ ಬೀಳುತ್ತದೆ ಅನ್ನುವುದನ್ನೂ ನೋಡಿ ಕೋಣೆ ಯಾವ ಭಾಗದಲ್ಲಿದೆ ಅಂತ ಲೆಕ್ಕ ಹಾಕಿದ್ದ ಅಂತ ಆಗ ವರದಿಯಾಗಿತ್ತು. ಗಮನಿಸಿ, ಅಲ್ಲಿ ವಿಳಾಸ ಬರೆದ ಒಂದು ಕಾಗದವೂ ಇರಲಿಲ್ಲ.

ಕಾಗದ ಇದ್ದರಂತೂ ಹುಡುಕುವ ಕೆಲಸವೇ ಇಲ್ಲ. ಕಪಾಟಿನ ಕೆಳಗಿನ ಹಲಗೆಯಲ್ಲಿ ಒಂದು ಪಾರ್ಸಲ್ ಡಬ್ಬಿ ಇತ್ತು, ಲೇಬಲ್ ಕ್ಯಾಮೆರಾ ಕಡೆಗೆ. ಬಾಗಿಲ ಹಿಂದೆ ನೇತುಹಾಕಿದ್ದ ಶಾಲೆಯ ಅಂಗಿಯ ಮೇಲೆ ಲಾಂಛನ. ಗೋಡೆಯ ಮೇಲೆ ವಾರದ ವೇಳಾಪಟ್ಟಿ, ಯಾವ ದಿನ ಎಷ್ಟು ಗಂಟೆಗೆ ಎಲ್ಲಿಗೆ ಅಂತ ದಪ್ಪ ಪೆನ್ನಿನಲ್ಲಿ ಬರೆದದ್ದು. ನನಗೆ ಇದು ಪಾರ್ಸಲ್ ಲೇಬಲ್‌ಗಿಂತ ಜಾಸ್ತಿ ಭಯ ಹುಟ್ಟಿಸಿತು. ವಿಳಾಸ ಮನೆ ಎಲ್ಲಿದೆ ಅಂತ ಮಾತ್ರ ಹೇಳುತ್ತದೆ, ವೇಳಾಪಟ್ಟಿ ಮಗು ಯಾವಾಗ ಎಲ್ಲಿ ಒಂಟಿಯಾಗಿರುತ್ತದೆ ಅಂತ ಹೇಳುತ್ತದೆ. ಗೋಡೆಗೆ ನೇತುಹಾಕಿದ ಕೀಗಳನ್ನೂ ತೆಗೆದಿಡಿ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಫೋಟೋ ಒಂದರಿಂದಲೇ ಕೀಯ ಹಲ್ಲುಗಳನ್ನು ಅಳೆದು ನಕಲು ಮಾಡಬಹುದು ಅಂತ 2008ರಲ್ಲೇ ತೋರಿಸಿದ್ದಾರೆ. ವೈಫೈ ಪೆಟ್ಟಿಗೆಯ ಹಿಂದಿನ ಸ್ಟಿಕ್ಕರ್‌ನಲ್ಲಿ ಪಾಸ್‌ವರ್ಡ್ ಇರುತ್ತದೆ, ಅದೂ ಕಾಣಬಾರದು.

ಇವೆಲ್ಲ ಸಣ್ಣದಾಗಿ ಕಾಣುತ್ತವೆ, ಯಾರು ಓದುತ್ತಾರೆ ಅಂತ ಅನ್ನಿಸಬಹುದು. ಫೋನಿನ ಪುಟ್ಟ ಪರದೆಯಲ್ಲಿ ಕಾಣುವುದಿಲ್ಲ, ನಿಜ. 4ಕೆ ಯಲ್ಲಿ ತೆಗೆದ ವಿಡಿಯೋದಲ್ಲಿ 1080ಪಿ ಗಿಂತ ನಾಲ್ಕು ಪಟ್ಟು ಪಿಕ್ಸೆಲ್ ಇರುತ್ತದೆ, ದೊಡ್ಡ ಮಾನಿಟರಿನಲ್ಲಿ ನಿಲ್ಲಿಸಿ ಹಿಗ್ಗಿಸಿದರೆ ಲೇಬಲ್ ಓದಬಹುದು. ಮನೆಯ ವಿಡಿಯೋವನ್ನು 1080ಪಿ ಯಲ್ಲೇ ತೆಗೆದು ಅದರಲ್ಲೇ ಹಾಕಿ. ನೋಡುವವರಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಜಾಗವಿದೆ, ಅದು ಫೈಲಿನ ಒಳಗೆ. ಕ್ಯಾಮೆರಾಗೆ ಲೊಕೇಶನ್ ಅನುಮತಿ ಇದ್ದರೆ ಫೋನ್ ಪ್ರತಿ ವಿಡಿಯೋ ಫೈಲಿನಲ್ಲೂ ಅಕ್ಷಾಂಶ ರೇಖಾಂಶ ಬರೆದಿಡಬಹುದು. ದಶಾಂಶದ ನಂತರ ನಾಲ್ಕು ಅಂಕಿ ಇದ್ದರೆ ಅಕ್ಷಾಂಶದ ಲೆಕ್ಕದಲ್ಲಿ ಅದು ಸುಮಾರು 11 ಮೀಟರ್‌ವರೆಗೆ ನಿಖರ, ಅಂದರೆ ಹೆಚ್ಚುಕಡಿಮೆ ನಿಮ್ಮ ಮನೆಯೇ. ದೊಡ್ಡ ತಾಣಗಳಿಗೆ ಹಾಕಿದ ವಿಡಿಯೋದ ಜೊತೆ ಇದು ಸಾಮಾನ್ಯವಾಗಿ ನೋಡುವವರಿಗೆ ಹೋಗುವುದಿಲ್ಲ. ಆದರೆ ಮೂಲ ಫೈಲನ್ನು ಡ್ರೈವ್ ಲಿಂಕ್ ಮೂಲಕ ಕೊಟ್ಟರೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ, ಅಥವಾ ನನ್ನಂಥ ಎಡಿಟರ್ ಕೈಗೆ ಕೊಟ್ಟರೆ ಎಲ್ಲಾ ಹಾಗೇ ಬರುತ್ತದೆ. exiftool, ffmpeg ಅನ್ನುವ ಎರಡು ಉಚಿತ ಸಾಧನಗಳನ್ನು ಹಾಕಿಕೊಂಡರೆ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಹೀಗೆ ನೋಡಬಹುದು, ಹೀಗೆ ತೆಗೆಯಬಹುದು:

```
exiftool kapatu.mp4
ffmpeg -i kapatu.mp4 -map_metadata -1 -c copy kapatu_clean.mp4
exiftool kapatu_clean.mp4
```

ಮೊದಲ ಸಾಲಿನ ಉತ್ತರದಲ್ಲಿ `GPS Coordinates` ಅಂತ ಬಂದರೆ ಜಾಗ ದಾಖಲಾಗಿದೆ ಅಂತ ಅರ್ಥ. ಮೂರನೇ ಸಾಲಿನ ಉತ್ತರದಲ್ಲಿ ಅದು ಇರಬಾರದು. ಎರಡನೇ ಸಾಲು ವಿಡಿಯೋದ ಗುಣಮಟ್ಟವನ್ನು ಮುಟ್ಟುವುದಿಲ್ಲ, ಅದಕ್ಕೆ ಅಂಟಿದ ಮಾಹಿತಿಯನ್ನು ಮಾತ್ರ ತೆಗೆದುಹಾಕುತ್ತದೆ. ಇಷ್ಟೆಲ್ಲ ಬೇಡ ಅಂದ್ರೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾಗೆ ಕೊಟ್ಟ ಲೊಕೇಶನ್ ಅನುಮತಿಯನ್ನೇ ತೆಗೆದುಬಿಡಿ. ಒಂದು ಸಲ ಮಾಡಿದರೆ ಮುಂದಿನ ವಿಡಿಯೋಗಳಿಗೆಲ್ಲ ಆಯಿತು.

ಈಗ ನಿಮ್ಮಲ್ಲಿ ನನ್ನ ಮುಖ್ಯ ಕೋರಿಕೆ. ಮುಚ್ಚುವ ಕೆಲಸವನ್ನು ಎಡಿಟಿಂಗ್‌ಗೆ ಬಿಡಬೇಡಿ, ಕ್ಯಾಮೆರಾ ಆನ್ ಮಾಡುವ ಮೊದಲೇ ಮುಗಿಸಿ. ಮನೆಯಲ್ಲಿ ಕಿಟಕಿ ಕಾಣದ, ಗಾಜು ಇಲ್ಲದ, ಗೋಡೆ ಮಾತ್ರ ಇರುವ ಒಂದು ಮೂಲೆ ಆರಿಸಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಕೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತಬೇಡಿ. ಫ್ರೇಮಿನ ಎಡ ಬಲ ಅಂಚು ನೆಲದ ಮೇಲೆ ಎಲ್ಲಿ ಬರುತ್ತದೆ ಅಂತ ನೋಡಿ ಅಲ್ಲಿ ಬಣ್ಣದ ಟೇಪ್ ಅಂಟಿಸಿ, ಮಗುವಿಗೆ ಈ ಗೆರೆ ದಾಟಿ ಒಳಗೆ ಬರಬೇಡ ಅಂತ ಹೇಳಿ. ಸಣ್ಣ ಮಕ್ಕಳು ಮರೆಯುತ್ತಾರೆ, ದಾಟಿದಾಗ ನೀವು ಆ ಭಾಗವನ್ನೇ ಕತ್ತರಿಸಿ ಹಾಕಿ, ಸ್ಟಿಕ್ಕರ್ ಹಾಕಿ ಉಳಿಸಿಕೊಳ್ಳಲು ಹೋಗಬೇಡಿ. ಮಗು ವಿಡಿಯೋದಲ್ಲಿ ಇರಲೇಬೇಕು ಅಂದರೆ ಕೈ ಮಾತ್ರ ಕಾಣುವ ಹಾಗೆ ಮೇಲಿನಿಂದ ತೆಗೆಯಿರಿ, ಇಲ್ಲವೇ ಬೆನ್ನ ಹಿಂದಿನಿಂದ. ಕಪಾಟಿನ ವಿಡಿಯೋದ ತಾಯಿ ಕೊನೆಗೆ ಹೀಗೇ ಮಾಡಿದರು. ಪಾರ್ಸಲ್, ಅಂಗಿ, ವೇಳಾಪಟ್ಟಿ ತೆಗೆದು, ಕಪಾಟಿನ ಗಾಜಿನ ಬಾಗಿಲನ್ನು ಪೂರ್ತಿ ತೆರೆದು ಫ್ರೇಮಿನಾಚೆ ಸರಿಸಿ, ಮಗುವಿನ ಶಾಟ್‌ಗಳನ್ನು ಮತ್ತೆ ತೆಗೆದರು. ಪುಸ್ತಕ ಕೊಡುವ ಪುಟ್ಟ ಕೈಗಳಷ್ಟೇ ಕಂಡವು. ಎಡಿಟ್ ಮಾಡುವ ಹೊತ್ತೂ ಕಡಿಮೆಯಾಯಿತು.

ತೆಗೆಯುವ ಮೊದಲು ಅದೇ ಜಾಗದಿಂದ ಒಂದು ಫೋಟೋ ತೆಗೆದು, ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿ. ಏನಾದರೂ ಓದಲು ಬಂದರೆ ಅದನ್ನು ಸರಿಸಿ.

ಹಾಕುವ ಮೊದಲು ಎಕ್ಸ್‌ಪೋರ್ಟ್ ಆದ ಫೈಲನ್ನೇ ನೋಡಿ, ಆಪ್ ಒಳಗಿನ ಪ್ರಿವ್ಯೂ ಸಾಲದು. ಪ್ರಿವ್ಯೂ ಹಲವು ಸಲ ಫ್ರೇಮ್ ಹಾರಿಸುತ್ತದೆ. ಒಂದು ಸಲ ಸೌಂಡ್ ಆಫ್ ಮಾಡಿ ಕಾಲು ವೇಗದಲ್ಲಿ, ಪ್ರತಿ ಕಟ್‌ನಲ್ಲೂ ಮತ್ತು ಮಗು ಬಂದು ಹೋಗುವಲ್ಲೆಲ್ಲ ನಿಲ್ಲಿಸುತ್ತಾ. ಯೂಟ್ಯೂಬಿಗೆ ಹಾಕುವವರು ಮೊದಲು ಪ್ರೈವೇಟ್ ಆಗಿ ಹಾಕಿ, ಕಂಪ್ಯೂಟರಿನಲ್ಲಿ ವಿಡಿಯೋ ನಿಲ್ಲಿಸಿ `.` ಕೀ ಒತ್ತಿದರೆ ಒಂದು ಫ್ರೇಮ್ ಮುಂದಕ್ಕೆ, `,` ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಥಂಬ್‌ನೇಲ್ ಯಾವುದು ಬಂದಿದೆ ಅಂತಲೂ ನೋಡಿ, ಅದಕ್ಕೆ ಮೂಲ ಫೋಟೋ ಬಳಸಿ ಸ್ಟಿಕ್ಕರ್ ಮರೆತವರನ್ನು ಕಂಡಿದ್ದೇನೆ. ಇನ್ನೊಂದು ಸಲ ಕಣ್ಣು ಮುಚ್ಚಿ ಬರೀ ಕಿವಿಗೊಟ್ಟು ಕೇಳಿ. ಮಗುವಿನ ಹೆಸರು ಕರೆದದ್ದು, ಶಾಲೆಯ ಹೆಸರು, ಹೊರಗಿನ ಧ್ವನಿವರ್ಧಕದಲ್ಲಿ ಬಂದ ಬಡಾವಣೆಯ ಹೆಸರು, ಇವು ಕಣ್ಣಿಟ್ಟು ನೋಡುವಾಗ ಕಿವಿಗೆ ಬೀಳುವುದೇ ಇಲ್ಲ. ಮೂಲ ಸೌಂಡ್ ಪೂರ್ತಿ ತೆಗೆದು ಆಮೇಲೆ ದನಿ ಸೇರಿಸುವುದು ಎಲ್ಲಕ್ಕಿಂತ ಕ್ಷೇಮ.

ಎಡಿಟಿಂಗ್ ಆಪ್ ತಯಾರಿಸುವವರೇ, ಇಷ್ಟು ಹೊತ್ತು ಹೇಳಿದ್ದರಲ್ಲಿ ಅರ್ಧ ಕೆಲಸ ನಿಮ್ಮದು. ಟ್ರ್ಯಾಕಿಂಗ್ ಕೈತಪ್ಪಿದಾಗ ಸ್ಟಿಕ್ಕರ್ ಮಾಯವಾಗಬಾರದು. ಅದು ಕೊನೆಗೆ ಇದ್ದ ಜಾಗದಲ್ಲೇ ನಿಂತು ಎರಡು ಪಟ್ಟು ದೊಡ್ಡದಾಗಲಿ, ಆ ಜಾಗಕ್ಕೆ ಟೈಮ್‌ಲೈನಿನಲ್ಲಿ ಕೆಂಪು ಗುರುತು ಬೀಳಲಿ. ಮುಖ ಮುಚ್ಚುವ ಸ್ಟಿಕ್ಕರ್ ಬೇರೆ ಟ್ರ್ಯಾಕಿನಲ್ಲಿ ತೇಲದೆ ಶಾಟಿಗೇ ಅಂಟಿಕೊಳ್ಳಲಿ, ಡಿಸಾಲ್ವ್ ಎಷ್ಟು ಉದ್ದವೋ ಅಷ್ಟೂ ಅದು ಜೊತೆಗೆ ಓಡಲಿ. ಮುಖ ಮುಚ್ಚಿ ಅಂತ ಒತ್ತಿದವರಿಗೆ ಮೊದಲು ಸಿಗುವುದು ಬ್ಲರ್ ಅಲ್ಲ, ಗಟ್ಟಿ ಬಣ್ಣ ಆಗಲಿ. ಎಕ್ಸ್‌ಪೋರ್ಟ್ ಮಾಡುವಾಗ ಲೊಕೇಶನ್ ಮಾಹಿತಿ ತಾನಾಗಿ ಹೋಗಲಿ, ಬೇಕಾದವರು ಕೇಳಿ ಹಾಕಿಸಿಕೊಳ್ಳಲಿ. ಬಣ್ಣಬಣ್ಣದ ಫಿಲ್ಟರ್‌ಗಳನ್ನು ನೀವು ಎಷ್ಟು ಬೇಗ ತರುತ್ತೀರಿ ಅಂತ ನೋಡಿದ್ದೇನೆ, ಇದನ್ನು ಮಾಡಲು ನಿಮಗೆ ಆಗುವುದಿಲ್ಲ ಅಂತ ನಾನು ನಂಬುವುದಿಲ್ಲ.

ಕೊನೆಯದಾಗಿ, ಈಗಾಗಲೇ ಹಾಕಿಬಿಟ್ಟ ವಿಡಿಯೋಗಳು. ಇದನ್ನು ಓದಿ ಗಾಬರಿಯಾಗಿ ಎಲ್ಲವನ್ನೂ ಒಂದೇ ಸಲ ಅಳಿಸಬೇಡಿ. ಮೊದಲು ಈಗಲೂ ನೀವಿರುವ ಮನೆಯವು, ಅದರಲ್ಲೂ ಕಿಟಕಿ, ಸಮವಸ್ತ್ರ, ವೇಳಾಪಟ್ಟಿ ಕಾಣುವಂಥವನ್ನು ಪ್ರೈವೇಟ್ ಮಾಡಿ. ಆಮೇಲೆ ಸಮಾಧಾನದಿಂದ ಒಂದೊಂದೇ ನೋಡಿ. ಯೂಟ್ಯೂಬ್ ಸ್ಟುಡಿಯೋದ ಎಡಿಟರಿನಲ್ಲಿ ಮುಖ ಮಸುಕು ಮಾಡುವ ಸೌಲಭ್ಯವೂ, ನಿಮಗೆ ಬೇಕಾದ ಜಾಗಕ್ಕೆ ಮಸುಕು ಹಾಕುವ ಸೌಲಭ್ಯವೂ ಇದೆ. ಹಾಗಾಗಿ ಲೇಬಲ್, ಕಿಟಕಿಯಂಥವಕ್ಕೆ ವಿಡಿಯೋ ತೆಗೆದು ಮತ್ತೆ ಹಾಕಬೇಕಾಗಿಲ್ಲ. ಮುಖ ಬರಿದಾಗಿ ಕಂಡ ಭಾಗವನ್ನು ಮಾತ್ರ ಅದೇ ಎಡಿಟರಿನಲ್ಲಿ ಕತ್ತರಿಸಿ ತೆಗೆದುಬಿಡಿ, ಥಂಬ್‌ನೇಲ್ ಬೇರೆಯಾಗಿ ಬದಲಿಸಿ. ಯಾರಾದರೂ ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಆ ಪ್ರತಿಯನ್ನು ಇದರಿಂದ ಮುಟ್ಟಲು ಆಗುವುದಿಲ್ಲ. ಅದೇ ವಿಡಿಯೋವನ್ನು ಬೇರೆ ತಾಣಗಳಲ್ಲೂ ಹಾಕಿದ್ದರೆ, ತುಣುಕು ಮಾಡಿ ಹಂಚಿದ್ದರೆ, ಅಲ್ಲೆಲ್ಲ ಹೋಗಿ ಒಂದೊಂದಾಗಿ ತೆಗೆಯಬೇಕು.

ಇಂತಿ,
ನಿಮ್ಮಂಥವರ ವಿಡಿಯೋ ಎಡಿಟ್ ಮಾಡುವ ಒಬ್ಬರು